ಅಂದಾಜಿಗೆ ಸೂತ್ರ ಸಿಕ್ಕಿದ್ದು ವಿಮಾನ ಕಾರ್ಖಾನೆಯಲ್ಲಿ

ಹೊಸ ಕೆಲಸಕ್ಕೆ ಎಷ್ಟಾದೀತು ಎಂದು ಕೇಳಿದರೆ, ಹಿಂದೆ ಮಾಡಿದ ಅಂಥದ್ದೇ ಕೆಲಸವನ್ನು ನೆನೆದು ಹೇಳುವುದು ಮೇಸ್ತ್ರಿಗಳ ಹಳೆಯ ರೂಢಿ. ಈ ಅನಲಾಗಸ್ ಅಂದಾಜನ್ನು ಯಾರೂ ಕಂಡುಹಿಡಿಯಬೇಕಾಗಿರಲಿಲ್ಲ. ಲೆಕ್ಕದ ದಾರಿಯನ್ನು ತೋರಿಸಿದವರಲ್ಲಿ ಮೊದಲಿಗರು ಅಮೆರಿಕದ ವಿಮಾನ ಎಂಜಿನಿಯರ್ ಟಿ. ಪಿ. ರೈಟ್. ತಯಾರಾದ ವಿಮಾನಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದಕ್ಕೆ ಬೀಳುವ ಸರಾಸರಿ ದುಡಿಮೆ ಸುಮಾರು ಶೇ. 20ರಷ್ಟು ಇಳಿಯುತ್ತದೆ ಎಂದು ಅವರು 1936ರಲ್ಲಿ ಬರೆದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆಯವರು ವಿಮಾನದ ತೂಕ, ವೇಗಗಳಿಂದಲೇ ಖರ್ಚನ್ನು ಹೇಳುವ ಸೂತ್ರಗಳನ್ನು ಕಟ್ಟಿದರು. ಅದು ಪ್ಯಾರಾಮೆಟ್ರಿಕ್ ಅಂದಾಜು. 1981ರಲ್ಲಿ ಅಮೆರಿಕದ ಸಾಫ್ಟ್‌ವೇರ್ ಎಂಜಿನಿಯರ್ ಬ್ಯಾರಿ ಬೋಮ್ 63 ಪ್ರಾಜೆಕ್ಟ್‌ಗಳ ದಾಖಲೆ ಹಿಡಿದು ಅದನ್ನು ಸಾಫ್ಟ್‌ವೇರ್‌ಗೆ ಒಗ್ಗಿಸಿದರು. ಕೆಲಸವನ್ನು ಬಿಡಿಬಿಡಿಯಾಗಿ ಒಡೆದು ಕೂಡಿಸುವ ಬಾಟಮ್-ಅಪ್ ಕ್ರಮಕ್ಕೆ ಶಿಸ್ತು ಬಂದದ್ದು ಅಮೆರಿಕದ ಕ್ಷಿಪಣಿ ಯೋಜನೆಗಳಲ್ಲಿ. 1968ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಒಡೆಯುವ ರೀತಿಗೇ ಒಂದು ಮಾನದಂಡ ಹೊರಡಿಸಿತು.

ಮೂರನ್ನೂ ಒಂದು ಸಣ್ಣ ವೆಬ್‌ಸೈಟಿನ ಮೇಲೆ ಹೂಡಿ ನೋಡೋಣ. ಒಂದು ಜೇನಿನ ಅಂಗಡಿಗೆ 8 ಪುಟಗಳ ಸೈಟು ಬೇಕು, ಜೊತೆಗೆ ಆನ್‌ಲೈನ್ ಪಾವತಿ ಇರಬೇಕು ಎಂದಿಟ್ಟುಕೊಳ್ಳಿ. ಹಿಂದಿನ 5 ಪುಟಗಳ ಸೈಟಿಗೆ 50 ಗಂಟೆ ಹಿಡಿದಿತ್ತು. ಇದು ಅದರ ಒಂದೂವರೆಯಷ್ಟು ಎನ್ನಿಸಿದರೆ ಅನಲಾಗಸ್ ಅಂದಾಜು 75 ಗಂಟೆ. ಐದು ನಿಮಿಷದಲ್ಲಿ ಉತ್ತರ ಬಂತು. ಆದರೆ ಆ ‘ಒಂದೂವರೆ’ ಬರೀ ಊಹೆ. ಹಳೆಯ ಹಲವು ಸೈಟುಗಳ ದಾಖಲೆಯಿಂದ ‘ಆರಂಭಕ್ಕೆ 20 ಗಂಟೆ, ಪುಟಕ್ಕೆ 6 ಗಂಟೆ’ ಎಂಬ ಸೂತ್ರ ಸಿಕ್ಕಿದ್ದರೆ ಪ್ಯಾರಾಮೆಟ್ರಿಕ್ ಲೆಕ್ಕ 68ಕ್ಕೆ ನಿಲ್ಲುತ್ತದೆ. ಬಾಟಮ್-ಅಪ್‌ನಲ್ಲಿ ವಿನ್ಯಾಸ 14, ಪುಟಗಳು 32, ಫಾರಂ 4, ಪಾವತಿ 18, ಫೋಟೊ-ಬರಹ ತುಂಬುವುದು 10, ಮೊಬೈಲ್ ಪರೀಕ್ಷೆ 12, ಹೋಸ್ಟಿಂಗ್ 4, ಮಾತುಕತೆ 8, ಒಟ್ಟು 102.

68 ಎಲ್ಲಿ, 102 ಎಲ್ಲಿ? ಈ 34 ಗಂಟೆಯ ಅಂತರದಲ್ಲಿ 18 ಪಾವತಿಯದು. ಹಳೆಯ ಸೈಟುಗಳಲ್ಲಿ ಪಾವತಿಯೇ ಇರಲಿಲ್ಲ, ಹಾಗಾಗಿ ಸೂತ್ರಕ್ಕೆ ಅದು ಕಾಣಲಿಲ್ಲ. ಉಳಿದ 16 ಎಲ್ಲಿಂದ ಬಂತೆಂದು ತಿಳಿಯಲು 5 ಪುಟಗಳ ಆ ಹಳೆಯ ಸೈಟನ್ನೂ ಹೀಗೇ ಒಡೆದು ಕೂಡಿಸಬೇಕು. ಆಗ ಅದು 50ರ ಬದಲು 60 ಬಂದರೆ, ಪ್ರತಿ ಬಿಡಿ ಕೆಲಸಕ್ಕೂ ‘ಇರಲಿ’ ಎಂದು ಐದನೇ ಒಂದು ಭಾಗ ಹೆಚ್ಚು ಸೇರಿಸುವ ಅಭ್ಯಾಸವಿದೆ ಎಂದರ್ಥ. ಪಾವತಿ ಬಿಟ್ಟು ಉಳಿದ 84ರಿಂದ ಆ ಹೆಚ್ಚುವರಿಯನ್ನು ತೆಗೆದರೆ 70. ಸೂತ್ರದ 68ಕ್ಕೆ ಸಮೀಪವೇ. ಅದಕ್ಕೆ ಪಾವತಿಯ 18 ಕೂಡಿಸಿದರೆ 88.

ಇದರಲ್ಲಿ 70ಕ್ಕೆ ಹಳೆಯ ದಾಖಲೆಯ ಬೆಂಬಲವಿದೆ, 18ಕ್ಕೆ ಇಲ್ಲ. ಆದ್ದರಿಂದ ದರ ಹೇಳುವ ಮೊದಲು ಒಂದು ರೂಪಾಯಿಯ ಪರೀಕ್ಷಾ ಪಾವತಿಯನ್ನು ಓಡಿಸಿ ನೋಡುವುದೇ ಲೇಸು.