ಅಂಗಡಿಗೆ ಕ್ಯಾಮೆರಾ: ಮುಖ ಕಾಣಬೇಕೋ, ನೆತ್ತಿ ಸಾಕೋ?

ಅಂಗಡಿಯಲ್ಲಿ ಕಳವಾದ ಮರುದಿನ ಮಾಲೀಕರು ಠಾಣೆಗೆ ಒಯ್ಯುವ ಫುಟೇಜ್ ಬಹಳ ಸಲ ಒಂದೇ ಥರ ಇರುತ್ತದೆ. ಯಾರೋ ಒಳಗೆ ಬರುತ್ತಾನೆ, ಗಲ್ಲಾ ಪೆಟ್ಟಿಗೆಯ ಕಡೆ ಬಗ್ಗುತ್ತಾನೆ, ಹೊರಟುಹೋಗುತ್ತಾನೆ. ಅಂಗಿಯ ಬಣ್ಣ ಗೊತ್ತಾಗುತ್ತದೆ, ನೆತ್ತಿಯ ಕೂದಲೂ ಕಾಣುತ್ತದೆ. ಮುಖ ಮಾತ್ರ ಬಾಗಿಲಿನ ಬೆಳಕಿಗೆ ಅಡ್ಡವಾಗಿ ಕಪ್ಪಗೆ ಮಸಿ ಬಳಿದ ಹಾಗೆ. ಕ್ಯಾಮೆರಾ ಕೆಟ್ಟಿರುವುದಿಲ್ಲ, ಡಬ್ಬದ ಮೇಲೆ 5 ಮೆಗಾಪಿಕ್ಸೆಲ್ ಎಂದು ದೊಡ್ಡದಾಗಿ ಅಚ್ಚಾಗಿಯೂ ಇರುತ್ತದೆ. ಆ ಕ್ಯಾಮೆರಾ ಯಾರ ಮುಖವನ್ನು, ಎಷ್ಟು ದೂರದಿಂದ, ಯಾವ ಬೆಳಕಿನಲ್ಲಿ ನೋಡಬೇಕು ಎಂದು ಕೊಳ್ಳುವಾಗ ಯಾರೂ ಕೇಳಿಕೊಂಡಿರುವುದಿಲ್ಲ, ಅಷ್ಟೆ.

ತುಮಕೂರಿನಂಥ ಊರಿನ ಒಂದು ಪ್ರಾವಿಜನ್ ಸ್ಟೋರನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕೋಣ. 12 ಅಡಿ ಅಗಲ, 30 ಅಡಿ ಉದ್ದ. ಪೂರ್ವಕ್ಕೆ ಬಾಗಿಲು, 8 ಅಡಿಯ ರೋಲಿಂಗ್ ಶಟರ್. ಒಳಗೆ ಬರುತ್ತಲೇ ಬಲಗಡೆ ಗಲ್ಲಾ, ಹಿಂದೆ ಎರಡು ಸಾಲು ರ‍್ಯಾಕು. ಇಂಥ ಅಂಗಡಿಗೆ ನಾಲ್ಕು ಕ್ಯಾಮೆರಾ ಸಾಕು: ಬಾಗಿಲಲ್ಲಿ ಬರುವವರ ಮುಖಕ್ಕೆ ಒಂದು, ಗಲ್ಲಾ ಮೇಲೆ ಒಂದು, ರ‍್ಯಾಕುಗಳಿಗೆ ಒಂದು, ಹೊರಗೆ ಶಟರ್ ಕಡೆ ಒಂದು.

ಮಾರುವವರು ಸಾಮಾನ್ಯವಾಗಿ ನಾಲ್ಕಕ್ಕೂ ಒಂದೇ ಬಗೆಯ 2.8 ಎಂಎಂ ಲೆನ್ಸಿನ ಕ್ಯಾಮೆರಾ ಕೊಟ್ಟುಬಿಡುತ್ತಾರೆ. ಅದು ಸುಮಾರು ನೂರು ಡಿಗ್ರಿ ಅಗಲಕ್ಕೆ ನೋಡುತ್ತದೆ. ಪರದೆಯ ಮೇಲೆ ಇಡೀ ಅಂಗಡಿ ಕಂಡಾಗ ಮಾಲೀಕರಿಗೂ ಖುಷಿ. ತೊಂದರೆ ಇರುವುದು ಆ ಅಗಲದಲ್ಲೇ. ಈ ಲೆನ್ಸ್ 10 ಅಡಿ ದೂರದಲ್ಲಿ ಹೆಚ್ಚುಕಡಿಮೆ 24 ಅಡಿ ಅಗಲವನ್ನು ಚಿತ್ರದೊಳಗೆ ತರುತ್ತದೆ. 2 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಡ್ಡಕ್ಕೆ ಇರುವುದು 1920 ಚುಕ್ಕಿ. ಅದನ್ನು 24 ಅಡಿಗೆ ಹಂಚಿದರೆ ಅಡಿಗೆ 80 ಚುಕ್ಕಿ ಬಂತು. ಅರ್ಧ ಅಡಿ ಅಗಲದ ಮುಖಕ್ಕೆ ಸಿಕ್ಕಿದ್ದು 40. ಅಪರಿಚಿತನ ಗುರುತು ಹಿಡಿಯಲು ಮೀಟರಿಗೆ 250 ಪಿಕ್ಸೆಲ್ ಬೇಕೆಂದು ಈ ಕ್ಷೇತ್ರದಲ್ಲಿ ಬಳಸುವ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ನಮ್ಮ ಲೆಕ್ಕ ಆ ಗಡಿಯ ಮೇಲೆ ಸರಿಯಾಗಿ ಬಂದು ನಿಂತಿದೆ. ಅದೇ ಮನುಷ್ಯ 20 ಅಡಿ ದೂರದಲ್ಲಿದ್ದರೆ ಮುಖಕ್ಕೆ 20 ಚುಕ್ಕಿ ಮಾತ್ರ. ಅಷ್ಟರಲ್ಲಿ ‘ಇವನು ನಮ್ಮ ಬೀದಿಯವನೇ’ ಎಂದು ಪರಿಚಯದವರು ಹೇಳಬಹುದು, ಅಪರಿಚಿತನಾದರೆ ಏನೂ ಹೇಳಲಾಗದು.

ಹಾಗಾದರೆ 5 ಮೆಗಾಪಿಕ್ಸೆಲ್ ಹಾಕಿಸೋಣ ಎನ್ನುತ್ತೀರಿ. ಎರಡಕ್ಕಿಂತ ಐದು ಎರಡೂವರೆ ಪಟ್ಟು ದೊಡ್ಡದು, ನಿಜ. ಆದರೆ ಆ ಹೆಚ್ಚುವರಿ ಚುಕ್ಕಿಗಳಲ್ಲಿ ಬಹುಪಾಲು ಚಿತ್ರದ ಎತ್ತರಕ್ಕೆ ಹೋಗುತ್ತವೆ. ಅಡ್ಡಕ್ಕೆ ಸಿಗುವುದು ಸುಮಾರು 2560, ಅಂದರೆ ಮೂರನೇ ಒಂದು ಭಾಗದಷ್ಟು ಲಾಭ. ಲೆನ್ಸ್ ಬದಲಿಸಿದರೆ ಇದಕ್ಕಿಂತ ಹೆಚ್ಚು ಗಿಟ್ಟುತ್ತದೆ. ಅಂಗಡಿಯ ನಡುವಿನಲ್ಲಿ, ಬಾಗಿಲಿನಿಂದ 15 ಅಡಿ ಒಳಗೆ, 6 ಎಂಎಂ ಲೆನ್ಸಿನ ಸಾದಾ 2 ಮೆಗಾಪಿಕ್ಸೆಲ್ ಕ್ಯಾಮೆರಾ ಹಾಕಿ ಬಾಗಿಲ ಕಡೆ ತಿರುಗಿಸಿದರೆ ಅದು ಸುಮಾರು 15 ಅಡಿ ಅಗಲವನ್ನಷ್ಟೇ ನೋಡುತ್ತದೆ. ಎಂಟು ಅಡಿಯ ಶಟರ್‌ಗೆ ಅದು ಧಾರಾಳ ಸಾಕು, ಮುಖಕ್ಕೆ ಅರವತ್ತರ ಮೇಲೆ ಚುಕ್ಕಿ ಸಿಗುತ್ತದೆ. ಅದನ್ನು ಏಳು, ಏಳೂವರೆ ಅಡಿ ಎತ್ತರದಲ್ಲೇ ಕೂರಿಸಬೇಕು. ಕೈಗೆ ಸಿಗಬಾರದೆಂದು ಹನ್ನೊಂದು ಅಡಿ ಮೇಲೆ ಹೊಡೆಸಿದರೆ, ಹತ್ತಿರ ಬಂದವರೆಲ್ಲರ ಬೋಳುತಲೆ, ಟೋಪಿ ಎಣಿಸಿಕೊಂಡು ಕೂರಬೇಕಾಗುತ್ತದೆ. ಗಲ್ಲಾ ಮೇಲೆ ಮಾತ್ರ 2.8 ಎಂಎಂ ಡೋಮ್ ಒಳ್ಳೆಯದು. ಮೇಜಿನಿಂದ ಆರಡಿ ಮೇಲೆ ಅದು ಕೆಳಮುಖವಾಗಿದ್ದರೆ ಗಿರಾಕಿ ಕೊಟ್ಟದ್ದು ಬೂದು ಬಣ್ಣದ ಐನೂರೋ ಹಳದಿ ಬಣ್ಣದ ಇನ್ನೂರೋ ಎಂಬ ಜಗಳ ಅಲ್ಲೇ ತೀರುತ್ತದೆ.

ಮೆಗಾಪಿಕ್ಸೆಲ್ ವಿಷಯದಲ್ಲಿ ಇನ್ನೊಂದು ಕಡೆ ಟೋಪಿ ಬೀಳುತ್ತದೆ. ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಉಳಿಯುವುದು ಡಿವಿಆರ್ ರೆಕಾರ್ಡ್ ಮಾಡಿಕೊಂಡ ಚಿತ್ರ. ಕಡಿಮೆ ಬೆಲೆಯ ಡಿವಿಆರ್‌ಗಳ ಮೇಲೆ 1080N ಎಂದು ಬರೆದಿರುತ್ತದೆ. 1080 ನೋಡಿ ನಾವು ತೃಪ್ತರಾಗುತ್ತೇವೆ. ಆ N ಇದ್ದರೆ ಅಡ್ಡಕ್ಕೆ 1920ರ ಬದಲು 960 ಚುಕ್ಕಿ ಮಾತ್ರ ಉಳಿಯುತ್ತದೆ. ಮೇಲೆ ಹಾಕಿದ ಲೆಕ್ಕವೆಲ್ಲ ಅಲ್ಲಿಗೆ ಅರ್ಧವಾಯಿತು. 5MP Lite ಎಂಬುದೂ ಇದೇ ಜಾತಿಯದು. ಬಿಲ್ಲಿನಲ್ಲಿ ಕ್ಯಾಮೆರಾದ ಹೆಸರಿನ ಜೊತೆ ಡಿವಿಆರ್ ಎಷ್ಟರಲ್ಲಿ ರೆಕಾರ್ಡ್ ಮಾಡುತ್ತದೆ ಎಂಬುದನ್ನೂ ಬರೆಸಿಕೊಳ್ಳಿ.

ಇನ್ನು ಬೆಳಕು. ಪೂರ್ವದ ಬಾಗಿಲಿನ ಅಂಗಡಿಗೆ ಬೆಳಗಿನ ಹೊತ್ತೇ ಕಂಟಕ, ರಾತ್ರಿ ಆಮೇಲಿನ ಮಾತು. ಒಳಗೆ ಟ್ಯೂಬ್‌ಲೈಟು, ಹೊರಗೆ ಎಳೆಬಿಸಿಲು. ಕ್ಯಾಮೆರಾ ಹೊರಗಿನ ಬೆಳಕಿಗೆ ಹೊಂದಿಕೊಂಡು ಒಳಗೆ ಕಾಲಿಡುವವನನ್ನು ನೆರಳಾಗಿಸುತ್ತದೆ. ಇದಕ್ಕೆ ಮದ್ದು ಡಬ್ಲ್ಯೂಡಿಆರ್ ಎಂಬ ಸೌಲಭ್ಯ. ಕ್ಯಾಮೆರಾ ಬೇರೆಬೇರೆ ಎಕ್ಸ್‌ಪೋಷರಿನಲ್ಲಿ ತೆಗೆದ ಚಿತ್ರಗಳನ್ನು ಕೂಡಿಸಿ ಕತ್ತಲೆಯ ಭಾಗವನ್ನೂ ಬೆಳಕಿನ ಭಾಗವನ್ನೂ ಒಟ್ಟಿಗೆ ಉಳಿಸಿಕೊಳ್ಳುತ್ತದೆ. ವಿವರದ ಹಾಳೆಯಲ್ಲಿ 120 dB ಎಂದು ಇದ್ದರೆ ಸಾಮಾನ್ಯವಾಗಿ ಅದು ಅಸಲಿ. DWDR ಎಂದಿದ್ದರೆ ಒಂದೇ ಚಿತ್ರದ ಕಪ್ಪು ಭಾಗವನ್ನು ಸಾಫ್ಟ್‌ವೇರ್ ಎಳೆದು ಬೆಳಗಿಸುತ್ತದೆ, ಮುಖ ಬೆಳ್ಳಗಾದರೂ ವಿವರ ಹುಟ್ಟುವುದಿಲ್ಲ. ನಾಲ್ಕೂ ಕ್ಯಾಮೆರಾಕ್ಕೆ ಇದು ಬೇಕಿಲ್ಲ. ಬಾಗಿಲು ನೋಡುವ ಒಂದಕ್ಕೆ ದುಡ್ಡು ಹಾಕಿ.

ರಾತ್ರಿಗೆ ಹೊರಗಿನ ಬುಲೆಟ್ ಕ್ಯಾಮೆರಾ. ಕತ್ತಲಾದ ಮೇಲೆ ಇನ್‌ಫ್ರಾರೆಡ್ ದೀಪ ಹತ್ತಿಸಿಕೊಂಡು ಕಪ್ಪು-ಬಿಳುಪಿನಲ್ಲಿ ನೋಡುವುದು ಮಾಮೂಲಿ ಬಗೆ. 30 ಮೀಟರ್ ಎಂದು ಬರೆದಿದ್ದರೆ ಅಲ್ಲಿಯವರೆಗೆ ದೀಪದ ಬೆಳಕು ಮುಟ್ಟುತ್ತದೆ ಎಂದರ್ಥ, ಮುಖ ಕಾಣುತ್ತದೆ ಎಂದಲ್ಲ. ತೀರಾ ಹತ್ತಿರ ಬಂದವನ ಮುಖ ಸುಣ್ಣ ಹಚ್ಚಿದಂತೆ ಬಿಳಿಚಿಕೊಳ್ಳುವುದೂ ಉಂಟು. ಬೈಕಿನ ನಂಬರ್ ಪ್ಲೇಟ್ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಹಲವು ಸಲ ಬರೀ ಬಿಳಿ ಪಟ್ಟಿಯಾಗಿ ಕಾಣುತ್ತದೆ. ಕ್ಯಾಮೆರಾವನ್ನು ಗೋಡೆಗೆ ತೀರಾ ಒತ್ತಿ ಕೂರಿಸಿದರೆ, ಗಾಜಿನ ಹಿಂದೆ ಇಟ್ಟರೆ, ಬೆಳಕು ಅದರ ಕಣ್ಣಿಗೇ ತಿರುಗಿ ಬಂದು ಇಡೀ ಚಿತ್ರ ಮಂಜಾಗುತ್ತದೆ. ಬೆಳಗ್ಗೆ ಚೆನ್ನಾಗಿದ್ದದ್ದು ರಾತ್ರಿ ಮಾತ್ರ ಮಬ್ಬಾದರೆ ಮೊದಲು ಜೇಡರ ಬಲೆ ಇದೆಯೇ ನೋಡಿ, ಪೊರಕೆಯಲ್ಲೇ ಅರ್ಧ ರಿಪೇರಿ ಮುಗಿಯುತ್ತದೆ.

ರಾತ್ರಿಯೂ ಬಣ್ಣದಲ್ಲಿ ತೋರಿಸುತ್ತೇವೆ ಎನ್ನುವ ಕ್ಯಾಮೆರಾಗಳು ಈಗ ಬಂದಿವೆ. ಅವೂ ಕತ್ತಲೆಯಿಂದ ಬಣ್ಣ ಹೆಕ್ಕುವುದಿಲ್ಲ. ಬಿಳಿ ದೀಪ ಹೊತ್ತಿಸಿಕೊಳ್ಳುತ್ತವೆ, ಇಲ್ಲವೇ ಬೀದಿದೀಪವನ್ನು ನೆಚ್ಚಿಕೊಳ್ಳುತ್ತವೆ. ನನ್ನ ಕೇಳಿದರೆ, ಶಟರ್ ಮೇಲೆ ರಾತ್ರಿಯಿಡೀ ಉರಿಯುವ ಒಂದು ಎಲ್‌ಇಡಿ ಬಲ್ಬ್ ಹಾಕಿ. ಯಾವ ಕ್ಯಾಮೆರಾ ಇದ್ದರೂ ಚಿತ್ರ ಸುಧಾರಿಸುತ್ತದೆ.

ಎಷ್ಟು ದಿನದ ಫುಟೇಜ್ ಬೇಕು ಎಂಬುದನ್ನು ಕಳ್ಳತನ ಯಾವಾಗ ಗೊತ್ತಾಗುತ್ತದೆ ಎಂಬುದರ ಮೇಲೆ ನಿರ್ಧರಿಸಬೇಕು. ಬೀಗ ಒಡೆದದ್ದು ಮರುದಿನವೇ ತಿಳಿಯುತ್ತದೆ. ತುಪ್ಪದ ಪ್ಯಾಕೆಟ್ಟು ಒಂದೊಂದಾಗಿ ಮಾಯವಾಗುತ್ತಿರುವುದು ತಿಂಗಳ ಸ್ಟಾಕ್ ಎಣಿಸುವಾಗ ತಿಳಿಯುತ್ತದೆ. ಆದ್ದರಿಂದ ಒಂದು ತಿಂಗಳು ಇಟ್ಟುಕೊಳ್ಳಿ. H.265 ಬಗೆಯಲ್ಲಿ ಕುಗ್ಗಿಸಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 22 ಜಿಬಿ ತಿನ್ನುತ್ತದೆ, ನಾಲ್ಕು ಸೇರಿ 86. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ ಹಳೆಯದನ್ನು ಅಳಿಸತೊಡಗುತ್ತದೆ. ಬಾಗಿಲು ಮುಚ್ಚಿರುವ ಹತ್ತು ಗಂಟೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಆಗುವಂತೆ ಇಟ್ಟರೆ ದಿನದ ಖರ್ಚು ಸುಮಾರು 50 ಜಿಬಿಗೆ ಇಳಿಯುತ್ತದೆ. ಮಳೆ, ಹುಳುಹುಪ್ಪಟೆಗೆ ಹೊರಗಿನ ಕ್ಯಾಮೆರಾ ಸುಮ್ಮನೆ ಎಚ್ಚರಾಗುವುದನ್ನು ಸೇರಿಸಿಕೊಂಡರೂ 2 ಟಿಬಿ ಡಿಸ್ಕ್ ತಿಂಗಳು ದಾಟಿಸುತ್ತದೆ. ಕಣ್ಗಾವಲಿಗೆಂದೇ ಮಾಡಿದ ಡಿಸ್ಕ್ ಕೇಳಿ ತೆಗೆದುಕೊಳ್ಳಿ. ಹಳೆ ಕಂಪ್ಯೂಟರಿನಿಂದ ಬಿಚ್ಚಿದ ಡಿಸ್ಕ್ ಹಗಲುರಾತ್ರಿ ಬರೆಯುವ ಈ ದುಡಿಮೆಗೆ ತಾಳುವುದಿಲ್ಲ.

ಡಿಸ್ಕ್ ಸತ್ತರೂ ಟಿವಿಯ ಮೇಲೆ ನಾಲ್ಕೂ ಚಿತ್ರ ಎಂದಿನಂತೆ ಓಡುತ್ತಲೇ ಇರುತ್ತವೆ. ರೆಕಾರ್ಡ್ ಆಗುತ್ತಿಲ್ಲ ಎಂದು ಗೊತ್ತಾಗುವುದು ಬೇಕಾದ ದಿನವೇ. ತಿಂಗಳಿಗೊಮ್ಮೆ ಪ್ಲೇಬ್ಯಾಕ್ ತೆರೆದು ಅತಿ ಹಳೆಯ ದಿನಾಂಕ ಯಾವುದು, ಗಡಿಯಾರ ಸರಿಯಿದೆಯೇ ನೋಡಿ. ಡಿವಿಆರ್ ಗಲ್ಲಾ ಕೆಳಗಿದ್ದರೆ ಕಳ್ಳ ಅದನ್ನೂ ಹೊತ್ತೊಯ್ಯುತ್ತಾನೆ. ಗಾಳಿಯಾಡುವ ಅಟ್ಟದಲ್ಲಿ, ಬೀಗದ ಪೆಟ್ಟಿಗೆಯಲ್ಲಿಡಿ. ಮೆಮೊರಿ ಕಾರ್ಡ್ ಹಾಕುವ ವೈಫೈ ಕ್ಯಾಮೆರಾಗಳಲ್ಲಂತೂ ಕ್ಯಾಮೆರಾ ಹೋದರೆ ಸಾಕ್ಷ್ಯವೂ ಅದರ ಹಿಂದೆಯೇ ಹೋಯಿತು.

ಮನೆಯಿಂದ ಮೊಬೈಲಿನಲ್ಲಿ ನೋಡುವುದು ಈಗ ಸುಲಭ. ಆ್ಯಪ್ ಹಾಕಿಕೊಂಡು ಡಿವಿಆರ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ನೇರಪ್ರಸಾರಕ್ಕೆ ಆ್ಯಪ್ ಹಗುರವಾದ ಚಿತ್ರ ತರಿಸುತ್ತದೆ. ನಾಲ್ಕೂ ಸೇರಿ 2 ಮೆಗಾಬಿಟ್ ಎಂದುಕೊಂಡರೂ ಗಂಟೆಗೆ 900 ಎಂಬಿ ಡೇಟಾ ಖರ್ಚು. ಡಾಂಗಲ್ ನೆಚ್ಚಿಕೊಂಡವರು ಇದನ್ನು ನೆನಪಿಡಬೇಕು. ಮೋಡೆಮ್ಮಿಗೂ ಯುಪಿಎಸ್ ಬೇಕು. ಡಿವಿಆರ್‌ಗೆ ಮಾತ್ರ ಕೊಟ್ಟಿದ್ದರೆ ಕರೆಂಟು ಹೋದ ಕೂಡಲೇ ರೆಕಾರ್ಡ್ ಉಳಿದು ಮೊಬೈಲ್ ಕುರುಡಾಗುತ್ತದೆ.

ನೀವು ನೋಡಬಲ್ಲದ್ದನ್ನು ಬೇರೆಯವರೂ ನೋಡಬಲ್ಲರು. 2016ರಲ್ಲಿ ಮಿರಾಯ್ ಎಂಬ ವೈರಸ್ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳೊಳಗೆ ನುಗ್ಗಿ, ಅವನ್ನೇ ದಂಡು ಕಟ್ಟಿ ದೊಡ್ಡ ದೊಡ್ಡ ವೆಬ್‌ಸೈಟುಗಳನ್ನು ನೆಲಕಚ್ಚಿಸಿತು. ನಮ್ಮಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆ 2025ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಕೊಳ್ಳುವಾಗ ಆ ಮಾದರಿಗೆ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಅದಕ್ಕಿಂತ ಹತ್ತಿರದ ಅಪಾಯ ಅಳವಡಿಸಿ ಹೋದವರ ಮೊಬೈಲು. ಅವಸರದಲ್ಲಿ ಅವರು ತಮ್ಮ ನಂಬರಿನಲ್ಲೇ ಖಾತೆ ತೆರೆದುಬಿಡುತ್ತಾರೆ. ಆಗ ನಿಮ್ಮ ಗಲ್ಲಾ ಅವರ ಜೇಬಿನಲ್ಲೂ ಇರುತ್ತದೆ. ಖಾತೆ ನಿಮ್ಮ ನಂಬರಿನಲ್ಲೇ ಇರಲಿ, ಅಡ್ಮಿನ್ ಪಾಸ್‌ವರ್ಡ್ ನೀವೇ ಬದಲಿಸಿ. ಅಂಗಡಿ ನೋಡಿಕೊಳ್ಳುವ ಹುಡುಗನಿಗೆ ನೋಡಲು ಮಾತ್ರ ಅನುಮತಿಯಿರುವ, ಅಳಿಸಲು ಬಾರದ ಬೇರೆ ಖಾತೆ ಮಾಡಿಕೊಡಿ.

ಪೂರ್ತಿ ಹಣ ಕೊಡುವ ಮೊದಲು ಬೆಳಗ್ಗೆ ಬಿಸಿಲು ಬಾಗಿಲಿಗೆ ಬಿದ್ದಾಗ ಒಮ್ಮೆ, ರಾತ್ರಿ ಶಟರ್ ಎಳೆದ ಮೇಲೆ ಒಮ್ಮೆ ಯಾರನ್ನಾದರೂ ಮಾಮೂಲಿ ವೇಗದಲ್ಲಿ ನಡೆಸಿ. ರಾತ್ರಿ ನಿಂತವನ ಮುಖ ಚೆನ್ನಾಗಿ ಬಂದು, ನಡೆಯುವವನದು ಗೀರಿದಂತೆ ಕಂಡರೆ ಬೆಳಕು ಸಾಲದು ಎಂದು ತಿಳಿಯಿರಿ. ಆ ತುಣುಕನ್ನು ಅಳವಡಿಸಿದವರ ಕೈಯಿಂದಲೇ ಪೆನ್ ಡ್ರೈವಿಗೆ ಇಳಿಸಿಸಿ, ಅವರು ಹೋಗುವ ಮುಂಚೆ ನೀವೂ ಒಮ್ಮೆ ಇಳಿಸಿ ನೋಡಿ.