ಪರದೆಯ ತಳದ ಸಂಖ್ಯೆ ಪುಟಸಂಖ್ಯೆಯಲ್ಲ

‘ಗಾಂಧಿ, ಆತ್ಮಕಥೆ, ಪು. 212.’ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳಿ. ಬರೆದವರು ಓದಿದ್ದು ಮೊಬೈಲಿನಲ್ಲಿ, 212 ಎಂಬುದು ಪರದೆಯ ತಳದಲ್ಲಿ ಕಂಡದ್ದು. ಬೆರಳು ಸರಿಸಿದಂತೆಲ್ಲ ಏರುವ ಸಂಖ್ಯೆ ಪುಟಸಂಖ್ಯೆಯಲ್ಲದೆ ಇನ್ನೇನು ಎಂಬುದು ಇದರ ಹಿಂದಿರುವ ನಂಬಿಕೆ. ಅದೇ ಪುಸ್ತಕದ ಅಕ್ಷರದ ಗಾತ್ರವನ್ನು ಎರಡು ಹಂತ ದೊಡ್ಡದು ಮಾಡಿ ನೋಡಿದರೆ ಅನೇಕ ಆ್ಯಪ್‌ಗಳಲ್ಲಿ ಗುಟ್ಟು ಬಯಲಾಗುತ್ತದೆ: ಅದೇ ವಾಕ್ಯ ಈಗ ಬೇರೊಂದು ‘ಪುಟ’ದಲ್ಲಿ ಕೂತಿರುತ್ತದೆ. ಆ ಸಂಖ್ಯೆ ನಿಮ್ಮ ಪರದೆಗೆ ಸೇರಿದ್ದು, ಪುಸ್ತಕಕ್ಕಲ್ಲ.

ಆದರೆ ಸಂಖ್ಯೆ ಕದಲಲಿಲ್ಲ ಎಂದಮಾತ್ರಕ್ಕೆ ಅದನ್ನು ನಂಬುವಂತಿಲ್ಲ. ಅಡೋಬಿಯ ಓದು-ತಂತ್ರಾಂಶ ಬಳಸುವ ಕೆಲವು ಆ್ಯಪ್‌ಗಳು, ಪುಸ್ತಕದಲ್ಲಿ ಪುಟಗಳ ಮಾಹಿತಿ ಇಲ್ಲದಿದ್ದರೆ, ಕಡತವನ್ನು 1024 ಬೈಟ್‌ಗಳ ತುಂಡು ಮಾಡಿ ಒಂದೊಂದು ತುಂಡನ್ನೂ ಒಂದು ಪುಟವೆಂದು ಎಣಿಸುತ್ತವೆ. ಗಾತ್ರ ಎಷ್ಟೇ ಬದಲಿಸಿದರೂ ಆ ಲೆಕ್ಕ ಅಲುಗಾಡುವುದಿಲ್ಲ. ಹಾಗಿದ್ದೂ ಮುದ್ರಿತ ಪುಸ್ತಕದ ಪುಟಕ್ಕೂ ಅದಕ್ಕೂ ಯಾವ ನಂಟೂ ಇಲ್ಲ. ನಿಜವಾದ ಪುಟಸಂಖ್ಯೆ ಇರುವುದು ಮುದ್ರಿತ ಆವೃತ್ತಿಯ ಪುಟ ಎಲ್ಲಿ ಮುಗಿಯುತ್ತದೆಂದು ಇ-ಪುಸ್ತಕಕ್ಕೆ ಗುರುತು ಹಾಕಿದಾಗ ಮಾತ್ರ. ಪುಸ್ತಕದ ವಿವರದಲ್ಲಿ ಯಾವ ಮುದ್ರಣದ ಪುಟಗಳಿವು ಎಂದು ಐಎಸ್‌ಬಿಎನ್ ಸಮೇತ ಹೇಳಿದ್ದರೆ ಧೈರ್ಯವಾಗಿ ‘ಪು.’ ಎಂದು ಬರೆಯಬಹುದು. ಹೇಳದಿದ್ದರೆ ಬರೆಯದಿರುವುದೇ ಕ್ಷೇಮ.

‘ಹಾಗಾದರೆ ಕಿಂಡಲ್‌ನ ಲೊಕೇಶನ್ ಸಂಖ್ಯೆ ಕೊಟ್ಟರಾಯಿತು, ಅದು ಸ್ಥಿರವಲ್ಲವೇ’ ಎನ್ನುವವರು ಅರ್ಧ ಸರಿ. 2007ರಲ್ಲಿ ಕಿಂಡಲ್ ಬಂದಾಗ ಪುಟಸಂಖ್ಯೆಯ ಬದಲಿಗೆ ಬಂದದ್ದೇ ಈ ಲೊಕೇಶನ್. ಮುದ್ರಿತ ಪುಟಸಂಖ್ಯೆ ತೋರಿಸುವ ಸೌಲಭ್ಯ 2011ರಲ್ಲಿ ಸೇರಿಕೊಂಡಿತು. ಲೊಕೇಶನ್ ಎಂದರೆ ಕಡತದ ಆರಂಭದಿಂದ ಇಲ್ಲಿಯವರೆಗಿನ ದೂರ, ಬೈಟ್‌ಗಳ ಲೆಕ್ಕದಲ್ಲಿ. ಅಕ್ಷರದ ಗಾತ್ರ ಅದನ್ನು ಮುಟ್ಟುವುದಿಲ್ಲ, ನಿಜ. ಆದರೆ ಪ್ರಕಾಶಕರು ಮುನ್ನುಡಿಯೊಂದನ್ನು ಸೇರಿಸಿ ಕಡತವನ್ನು ಮತ್ತೆ ಏರಿಸಿದರೆ ಮುಂದಿನ ಎಲ್ಲ ಸಂಖ್ಯೆಗಳೂ ಜರುಗುತ್ತವೆ. ಕಿಂಡಲ್ ಇಲ್ಲದ ಓದುಗನಿಗಂತೂ ಅದು ಬೀಗವಿಲ್ಲದ ಕೀಲಿಕೈ. ಉಲ್ಲೇಖ ಕ್ರಮಗಳಲ್ಲಿ ಎಪಿಎ ಮತ್ತು ಎಂಎಲ್‌ಎ (ಶಾಸಕರಲ್ಲ, ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಶನ್) ಎರಡೂ ಲೊಕೇಶನ್ ಬೇಡವೆನ್ನುತ್ತವೆ. ಅಧ್ಯಾಯ ಅಥವಾ ವಿಭಾಗ ಕೊಡಿ ಎನ್ನುತ್ತವೆ.

ಅಧ್ಯಾಯ ಎಂದಾಕ್ಷಣ ಇನ್ನೊಂದು ಅನುಮಾನ ಏಳುತ್ತದೆ: ಪುಟಸಂಖ್ಯೆ ಇಲ್ಲದ ಉಲ್ಲೇಖ ಅರೆಬರೆ, ಮಾರ್ಗದರ್ಶಕರು ಒಪ್ಪುವುದಿಲ್ಲ. ನಮ್ಮ ಹಳಗನ್ನಡ ವಿದ್ವಾಂಸರನ್ನು ಕೇಳಿದರೆ ಇದಕ್ಕೆ ನಗುತ್ತಾರೆ. ಪಂಪಭಾರತದ 14 ಆಶ್ವಾಸಗಳಲ್ಲಿ ಇಂಥ ಆಶ್ವಾಸದ ಇಂಥ ಪದ್ಯ ಎಂದರೆ ಯಾವ ಸಂಪಾದಕರ, ಯಾವ ಮುದ್ರಣದ ಪ್ರತಿ ಕೈಯಲ್ಲಿದ್ದರೂ ಆ ಜಾಗ ಸಿಗುತ್ತದೆ; ಪಾಠಾಂತರದಿಂದ ಒಂದೆರಡು ಪದ್ಯ ಆಚೀಚೆ ಆಗಬಹುದು, ಅಷ್ಟೆ. ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯ. ಓಲೆಗರಿಯ ಗರಿ ಎಲ್ಲಿ ಮುಗಿಯಿತು ಎಂಬುದು ಲಿಪಿಕಾರನ ಕೈಬರಹಕ್ಕೆ ಬಿಟ್ಟದ್ದು, ಕಾವ್ಯಕ್ಕೆ ಸಂಬಂಧಿಸಿದ್ದಲ್ಲ.

ಈಗ ಗಾಂಧೀಜಿಯ ಆತ್ಮಕಥೆಗೇ ಬರೋಣ. ಮಾರಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ಅವರನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರದಬ್ಬಿದ ಪ್ರಸಂಗವನ್ನು ಉಲ್ಲೇಖಿಸಬೇಕು. ‘ಅಧ್ಯಾಯ 8’ ಎಂದು ಬರೆದು ಕೈತೊಳೆದುಕೊಂಡರೆ ಓದುಗ ಎಡವುತ್ತಾನೆ. ಈ ಪುಸ್ತಕಕ್ಕೆ ಐದು ಭಾಗಗಳಿವೆ, ಪ್ರತಿ ಭಾಗದಲ್ಲೂ ಅಧ್ಯಾಯಗಳು ಮತ್ತೆ ಒಂದರಿಂದ ಶುರುವಾಗುತ್ತವೆ. ಮೊದಲ ಭಾಗದ ಎಂಟನೆಯ ಅಧ್ಯಾಯದಲ್ಲಿ ಇರುವುದು ಬಾಲ್ಯದ ಕಳ್ಳತನ ಮತ್ತು ಅದರ ಪ್ರಾಯಶ್ಚಿತ್ತ. ರೈಲಿನ ಪ್ರಸಂಗ ಬರುವುದು ಎರಡನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿ, ಪ್ರಿಟೋರಿಯಾ ದಾರಿಯ ಕಥೆಯಲ್ಲಿ. ಆದ್ದರಿಂದ ‘ಭಾಗ 2, ಅಧ್ಯಾಯ 8’ ಎಂದೇ ಬರೆಯಬೇಕು. ಅಷ್ಟು ಬರೆದರೆ ಗುಜರಾತಿ ಮೂಲ, ಇಂಗ್ಲಿಷ್ ಅನುವಾದ, ಕನ್ನಡ ಅನುವಾದ, ಮೊಬೈಲಿನ ಪ್ರತಿ, ಯಾವುದನ್ನು ತೆರೆದರೂ ಜಾಗ ಸಿಗುತ್ತದೆ. ಪುಟಸಂಖ್ಯೆಗೆ ಈ ತಾಕತ್ತು ಯಾವತ್ತೂ ಇರಲಿಲ್ಲ.

ಇಲ್ಲಿ ಅಧ್ಯಾಯವೇ ಸಾಕಾಗುವುದಕ್ಕೆ ಕಾರಣವಿದೆ. 1925ರಿಂದ 1929ರವರೆಗೆ ‘ನವಜೀವನ’ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಬರಹವಾದ್ದರಿಂದ ಅಧ್ಯಾಯಗಳು ಗಿಡ್ಡ. ಐದು ನಿಮಿಷದಲ್ಲಿ ಕಣ್ಣಾಡಿಸಬಹುದು. ದೊಡ್ಡ ಕಾದಂಬರಿಯ ಅಧ್ಯಾಯವಾದರೆ ಉಪಶೀರ್ಷಿಕೆಯೋ ಪ್ಯಾರಾವೋ ಬೇಕಾಗುತ್ತದೆ. ಪ್ಯಾರಾ ಹೇಳುವಾಗ ಯಾವ ಅನುವಾದ ಎಂಬುದನ್ನೂ ಹೇಳಬೇಕು, ಏಕೆಂದರೆ ಅನುವಾದಕರು ಪ್ಯಾರಾಗಳನ್ನು ಕೂಡಿಸುವುದೂ ಉಂಟು, ಒಡೆಯುವುದೂ ಉಂಟು.

ವೆಬ್ ಪುಟಗಳ ಮಟ್ಟಿಗೆ ನಂಬಿಕೆ ಬೇರೆ: ಪುಟದ ವಿಳಾಸ ಕೊಟ್ಟರೆ ಮುಗಿಯಿತು. ಮೂರು ಪ್ಯಾರಾದ ಸುದ್ದಿಗೆ ಹೌದು. ಹತ್ತು ಉಪಶೀರ್ಷಿಕೆಗಳ ಲೇಖನಕ್ಕೆ ಅದು ಇಡೀ ಪುಸ್ತಕವನ್ನು ಉಲ್ಲೇಖಿಸಿದಂತೆಯೇ. ಎಪಿಎ ಪ್ರಕಾರ ಉಪಶೀರ್ಷಿಕೆಯ ಹೆಸರು ಕೊಟ್ಟು, ಅದರಡಿ ಎಷ್ಟನೆಯ ಪ್ಯಾರಾ ಎಂದು ಎಣಿಸಿ ಬರೆಯಬಹುದು. ಎಂಎಲ್‌ಎ ಇದಕ್ಕೆ ಒಪ್ಪುವುದಿಲ್ಲ. ಪ್ಯಾರಾಗಳಿಗೆ ಮೂಲದಲ್ಲೇ ಸಂಖ್ಯೆ ಹಾಕಿದ್ದರೆ ಮಾತ್ರ ಕೊಡಿ, ನೀವಾಗಿ ಎಣಿಸಬೇಡಿ ಎನ್ನುತ್ತದೆ. ಕನ್ನಡದ ಸುದ್ದಿತಾಣಗಳನ್ನು ನೋಡಿದರೆ ಎಂಎಲ್‌ಎ ಹಟಕ್ಕೆ ಅರ್ಥವಿದೆ ಅನ್ನಿಸುತ್ತದೆ. ಎರಡು ಪ್ಯಾರಾಗಳ ನಡುವೆ ‘ಇದನ್ನೂ ಓದಿ’ ಎಂಬ ಕೊಂಡಿ, ಒಂದು ಜಾಹೀರಾತು, ಚಿತ್ರದ ಕೆಳಗೊಂದು ಸಾಲು ಇರುತ್ತವೆ. ಒಬ್ಬರು ಅವನ್ನು ಎಣಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಒಬ್ಬರ ಏಳನೆಯ ಪ್ಯಾರಾ ಇನ್ನೊಬ್ಬರ ಐದನೆಯದಾಗುತ್ತದೆ. ನಾನಾದರೆ ಎಣಿಕೆಯನ್ನು ಒಂದು ಉಪಶೀರ್ಷಿಕೆಯೊಳಗೆ ಮಾತ್ರ ಇಟ್ಟುಕೊಳ್ಳುತ್ತೇನೆ, ಪೂರ್ಣ ವಾಕ್ಯಗಳಿರುವ ಪ್ಯಾರಾಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ. ವಿಕಿಪೀಡಿಯದಂತೆ ದಿನವೂ ತಿದ್ದಲಾಗುವ ಪುಟವಾದರೆ ‘ಇತಿಹಾಸ’ದೊಳಗಿನ ಆ ದಿನದ ಆವೃತ್ತಿಯ ಕೊಂಡಿಯನ್ನೇ ಕೊಡಬೇಕು, ಇಲ್ಲದಿದ್ದರೆ ಎಣಿಸಿದ್ದು ನೀರುಪಾಲು.

ಸಂಖ್ಯೆ ಮೂಲದಲ್ಲೇ ಇದ್ದರೆ ಎಷ್ಟು ಹಗುರ ಎಂಬುದು ವಕೀಲರಿಗೆ ಗೊತ್ತು. ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಪ್ಯಾರಾಗಳಿಗೆ ಸಂಖ್ಯೆ ಇರುತ್ತದೆ. 2023ರಿಂದ ತೀರ್ಪುಗಳಿಗೆ ‘ಐಎನ್‌ಎಸ್‌ಸಿ’ ಹೆಸರಿನ ತಟಸ್ಥ ಉಲ್ಲೇಖಸಂಖ್ಯೆಯೂ ಬಂದಿದೆ. ಆ ಸಂಖ್ಯೆ ಮತ್ತು ಪ್ಯಾರಾ ಸಂಖ್ಯೆ ಇದ್ದರೆ ಯಾವ ಪ್ರಕಾಶಕರ ವರದಿ ಸಂಪುಟವೂ ಬೇಕಿಲ್ಲ.

‘ಇಷ್ಟೆಲ್ಲ ಯಾಕೆ, ವಾಕ್ಯ ಕೊಟ್ಟರೆ ಹುಡುಕಿಕೊಳ್ಳುತ್ತಾರೆ’ ಎಂಬ ಮಾತು ಯುವಕರಿಂದ ಹೆಚ್ಚು ಕೇಳಿಬರುತ್ತದೆ. ವಿಳಾಸದ ಕೊನೆಗೆ `#:~:text=` ಸೇರಿಸಿ, ಅದರ ಮುಂದೆ ಬೇಕಾದ ಪದಗಳನ್ನು ಬರೆದರೆ ಈಗಿನ ಬ್ರೌಸರ್‌ಗಳು ನೇರ ಆ ಸಾಲಿಗೇ ಕರೆದೊಯ್ಯುತ್ತವೆ; ಕ್ರೋಮ್‌ನಲ್ಲಿ ಇದು 2020ರಿಂದಲೂ ಇದೆ. ಆದರೆ ಪದಗಳು ತದ್ವತ್ತಾಗಿ ಹೊಂದಬೇಕು. ಕನ್ನಡದಲ್ಲಿ ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಮೂಡಿಸಲು ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಟೈಪಿಸಿದರೆ ಕೆಲವು ತಂತ್ರಾಂಶಗಳಿಗೆ ಅವು ಎರಡು ಬೇರೆ ಪದಗಳು, ಹುಡುಕಾಟ ಬರಿಗೈಯಲ್ಲಿ ಮರಳುತ್ತದೆ. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದಲ್ಲಿ ಇರುವುದು ಬರೀ ಚಿತ್ರವಾದರೆ ಹುಡುಕಲು ಅಕ್ಷರವೇ ಇರುವುದಿಲ್ಲ. ಇನ್ನು ಲೇಖಕರ ವಾದವನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಿ ಬರೆದಿದ್ದರೆ, ಓದುಗ ಹುಡುಕುವ ಪೆಟ್ಟಿಗೆಯಲ್ಲಿ ಯಾವ ಪದ ಹಾಕಬೇಕು? ಅಂಥ ಕಡೆ ಎಪಿಎ ಸ್ಥಳಸೂಚನೆಯನ್ನು ಕಡ್ಡಾಯ ಮಾಡಿಲ್ಲ, ಮೂಲ ಉದ್ದವಾಗಿದ್ದರೆ ಕೊಡುವುದು ಒಳ್ಳೆಯದು ಎನ್ನುತ್ತದೆ. ನನ್ನ ಮಟ್ಟಿಗೆ, ಉದ್ಧರಣ ಚಿಹ್ನೆಯೊಳಗಿನ ಮಾತಿಗಿಂತ ಇಂಥ ಸಂಗ್ರಹಕ್ಕೇ ಅಧ್ಯಾಯದ ಸಂಖ್ಯೆ ಹೆಚ್ಚು ಬೇಕು.