ಹಾಲುಹಲ್ಲಿಗೆ ಅಕ್ಕಿಕಾಳಿನ ಅಳತೆ

ಮಗುವಿನ ಮೊದಲ ಹಲ್ಲುಗಳನ್ನು ನಾವು ಹಾಲುಹಲ್ಲು ಎನ್ನುತ್ತೇವೆ. ಆದರೆ ಅದೇ ಹಾಲು ಬಾಟಲಿಯಲ್ಲಿ, ನಿದ್ದೆಯ ಹೊತ್ತಿನಲ್ಲಿ, ಆ ಹಲ್ಲುಗಳಿಗೆ ಮುಳುವಾಗಬಲ್ಲದು. ನಾನು ವೈದ್ಯನಲ್ಲ, ಕನ್ನಡ ಕಲಿಸಿ ನಿವೃತ್ತನಾದವನು. ದಂತವೈದ್ಯರಿಂದ ಕೇಳಿ ತಿಳಿದುದನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಮಲಗುವ ಮಗುವಿನ ಬಾಯಿಗೆ ಸಕ್ಕರೆ ಬೆರೆಸಿದ ಹಾಲಿನ ಬಾಟಲಿ ಇಟ್ಟರೆ, ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಾಲು ಹಲ್ಲಿನ ಸುತ್ತ ನಿಂತುಬಿಡುತ್ತದೆ. ಬಾಯಿಯ ಸೂಕ್ಷ್ಮಜೀವಿಗಳು ಅದರ ಸಿಹಿಯನ್ನು ಹುಳಿಯಾಗಿಸುತ್ತವೆ. ಆ ಹುಳಿ ಹಲ್ಲಿನ ಮೇಲ್ಪದರವನ್ನು ಕರಗಿಸುತ್ತದೆ. ಕೆಳಗಿನ ಮುಂಭಾಗದ ಹಲ್ಲುಗಳನ್ನು ನಾಲಿಗೆ ಮರೆಮಾಡುತ್ತದೆ. ಮೇಲಿನ ನಾಲ್ಕಕ್ಕೆ ಆ ರಕ್ಷಣೆಯಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಮೇಲ್ದುಟಿಯನ್ನೆತ್ತಿ ನೋಡಬೇಕು. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಆಗಲೇ ಎಚ್ಚೆತ್ತರೆ ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿದರೆ ವೈದ್ಯರಲ್ಲಿಗೇ ಹೋಗಬೇಕು.

ಒಂದೂವರೆ ವರ್ಷದ ಒಂದು ಮಗು ರಾತ್ರಿ ಬಾಟಲಿಯಿಲ್ಲದೆ ಮಲಗದು ಎನ್ನೋಣ. ಮೊದಲು ಸಕ್ಕರೆಯನ್ನು ಬಿಡಿಸಬೇಕು. ಆಮೇಲೆ ದಿನದಿನಕ್ಕೆ ಹಾಲಿಗೆ ನೀರನ್ನು ಹೆಚ್ಚಿಸುತ್ತ ಹೋಗಿ, ಕೊನೆಗೆ ಬಾಟಲಿಯಲ್ಲಿ ಬರಿಯ ನೀರೇ ಉಳಿಯುವಂತೆ ಮಾಡಬೇಕು. ಹೊಟ್ಟೆ ತುಂಬಿಸುವ ಹಾಲನ್ನು ಹಲ್ಲುಜ್ಜುವ ಮೊದಲೇ ಲೋಟದಲ್ಲಿ ಕುಡಿಸಬೇಕು. ಹಲ್ಲುಜ್ಜಿದ ಮೇಲೆ ನೀರಲ್ಲದೆ ಬೇರೇನೂ ಬೇಡ.

ಮೊದಲ ಹಲ್ಲು ಮೂಡಿದಂದಿನಿಂದಲೇ ಬೆಳಿಗ್ಗೆ ಮತ್ತು ರಾತ್ರಿ ಉಜ್ಜಬೇಕು. ಮಗುವಿನ ತಲೆಯನ್ನು ತೊಡೆಯ ಮೇಲಿರಿಸಿಕೊಂಡು, ಮೃದುವಾದ ಚಿಕ್ಕ ಬ್ರಷ್ಷಿನಿಂದ ಹಿರಿಯರೇ ಉಜ್ಜಬೇಕು. ಮೂರು ವರ್ಷದವರೆಗೆ ಪೇಸ್ಟು ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಕಾಳಿನಷ್ಟು ಸಾಕು.

ನಮ್ಮ ಸೀಮೆಯಲ್ಲಿ ಈ ಅಳತೆಗೆ ಇನ್ನೂ ಒಂದು ಕಾರಣವುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತಲಿನ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರಿಲ್ಲದಾಗ 1.5 ಮೇರೆ. ಲೀಟರಿಗೆ 2 ಮಿಲಿಗ್ರಾಂ ಇರುವ ನೀರನ್ನು ಮಗು ದಿನಕ್ಕೆ ಅರ್ಧ ಲೀಟರು ಕುಡಿದರೆ 1 ಮಿಲಿಗ್ರಾಂ ಒಳಸೇರಿತು. ಗ್ರಾಮಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರುವ ಪೇಸ್ಟನ್ನು ಬ್ರಷ್ಷಿನುದ್ದಕ್ಕೆ ಸುಮಾರು ಒಂದು ಗ್ರಾಂ ಹಚ್ಚಿ ನುಂಗಿಸಿದರೆ ಮತ್ತೊಂದು 1 ಮಿಲಿಗ್ರಾಂ. ಅಕ್ಕಿಕಾಳಿನಷ್ಟಾದರೆ ಅದರ ಹತ್ತನೆಯ ಒಂದು ಪಾಲು ಮಾತ್ರ. ಪುಟ್ಟ ಮಗು ಉಗುಳಲರಿಯದು, ನುಂಗುತ್ತದೆ. ಆ ವಯಸ್ಸಿನಲ್ಲೇ ಒಸಡಿನೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುತ್ತಿರುತ್ತವೆ. ಹೆಚ್ಚಿನ ಫ್ಲೋರೈಡಿನ ಕಲೆ ಅವು ಏಳನೆಯ ವಯಸ್ಸಿನ ಸುಮಾರಿಗೆ ಮೂಡಿದಾಗ ಕಾಣುತ್ತದೆ.

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಂತೆ ಉಳಿದುದರಲ್ಲಿ ಅದು ಸಾಂದ್ರವಾಗುತ್ತದೆ. ಆದ್ದರಿಂದ ಮನೆಯ ನೀರನ್ನು ಪರೀಕ್ಷೆ ಮಾಡಿಸಿ, ಮಿತಿ ಮೀರಿದ್ದರೆ ಮಗುವಿಗೆ ಕುಡಿಯಲೂ ಅಡುಗೆಗೂ ಶುದ್ಧೀಕರಿಸಿದ ನೀರನ್ನು ಬಳಸಬೇಕು. ಆ ವರದಿಯನ್ನು ದಂತವೈದ್ಯರಿಗೆ ತೋರಿಸಿ, ಯಾವ ಪೇಸ್ಟು ಎಂಬುದನ್ನು ಕೇಳಿ ತಿಳಿಯುವುದು ಕ್ಷೇಮ.